ದೂರು ಕೊಟ್ಟ ಮೇಲೆ ಹೆಚ್ಚಾದ ಕೆಲಸ: ಸೀಸನ್ನೋ, ಸೇಡೋ?

ಪ್ರಶ್ನೆ: ಮೇಡಂ, ನಾನು ಮಡಿಕೇರಿ ಹತ್ತಿರದ ಒಂದು ರೆಸಾರ್ಟ್‌ನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ನಮ್ಮ ಆಪರೇಷನ್ಸ್ ಮ್ಯಾನೇಜರ್ ನನ್ನ ಜೊತೆ ಅಸಭ್ಯವಾಗಿ ನಡೆದುಕೊಂಡ ಬಗ್ಗೆ ಸೆಪ್ಟೆಂಬರ್ 18ಕ್ಕೆ ಆಂತರಿಕ ಸಮಿತಿಗೆ ದೂರು ಕೊಟ್ಟೆ. ಆಮೇಲೆ ನನ್ನ ಪಾಳಿ ಬದಲಾಯ್ತು, ಕಾಟೇಜ್‌ಗಳು ಜಾಸ್ತಿ ಆದವು, ವಾರದ ರಜೆ ಎರಡು ಸಲ ಕ್ಯಾನ್ಸಲ್ ಆಯ್ತು. ನವೆಂಬರ್ 12ಕ್ಕೆ ಕರೆದು ಅಪ್ರೈಸಲ್‌ನಲ್ಲಿ 5ಕ್ಕೆ 2 ಕೊಟ್ಟರು. ಏಪ್ರಿಲ್‌ನಲ್ಲಿ 4 ಕೊಟ್ಟಿದ್ದವರೂ ಅವರೇ. ಕೇಳಿದರೆ "ಸೀಸನ್ ಅಲ್ವಾ, ಎಲ್ಲರಿಗೂ ಕೆಲಸ ಜಾಸ್ತಿ" ಅಂತಾರೆ. ಇದು ಸೇಡು ಅಂತ ನನಗೆ ಗೊತ್ತು, ಆದರೆ ತೋರಿಸೋದು ಹೇಗೆ? ಡ್ಯೂಟಿ ಚಾರ್ಟ್‌ಗಳ ಫೋಟೋ ಮತ್ತು ಅಪ್ರೈಸಲ್ ಪ್ರತಿ ಕಳಿಸಿದ್ದೀನಿ.

ಉತ್ತರ:

ಅವರ "ಸೀಸನ್" ಮಾತನ್ನು ಹಗುರವಾಗಿ ತಗೋಬೇಡಿ. ಅವರ ಕೈಯಲ್ಲಿರುವ ಗಟ್ಟಿ ಉತ್ತರ ಅದೊಂದೇ, ಮತ್ತು ಅದರಲ್ಲಿ ಅರ್ಧ ನಿಜವೂ ಇದೆ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಮಳೆ ಕಡಿಮೆಯಾಗುತ್ತದೆ. ಆಮೇಲೆ ಮಡಿಕೇರಿ ದಸರಾ, ಅಕ್ಟೋಬರ್ 17ರ ಆಸುಪಾಸಿಗೆ ತಲಕಾವೇರಿಯ ತೀರ್ಥೋದ್ಭವ, ನಡುನಡುವೆ ಬೆಂಗಳೂರಿನವರ ಲಾಂಗ್ ವೀಕೆಂಡ್. ಸಮಿತಿಯಲ್ಲಿ ಕೂತಿರುವವರಿಗೂ ಇದು ಗೊತ್ತು. "ದೂರು ಕೊಡುವ ಮೊದಲು ನನಗೆ ದಿನಕ್ಕೆ 7 ಕಾಟೇಜ್ ಇತ್ತು, ಈಗ 17 ಆಗಿದೆ" ಅಂತ ನೀವು ಬರೆದರೆ, ಅವರು ಅಕ್ಟೋಬರ್‌ನ ಬುಕಿಂಗ್ ಲೆಕ್ಕ ತಂದು ಮೇಜಿನ ಮೇಲಿಡುತ್ತಾರೆ. ಅಲ್ಲಿಗೆ ನಿಮ್ಮ ಮಾತು ಮುಗಿಯಿತು.

ಆದ್ದರಿಂದ ಎಷ್ಟು ಕಾಟೇಜ್ ಅನ್ನುವುದನ್ನು ಬಿಟ್ಟು, ಒಟ್ಟು ಭರ್ತಿಯಾದದ್ದರಲ್ಲಿ ನಿಮ್ಮ ಪಾಲು ಎಷ್ಟು ಅನ್ನುವುದನ್ನು ಬರೆಯಿರಿ.

ನೀವು ಕಳಿಸಿದ ಚಾರ್ಟ್‌ಗಳನ್ನೇ ನೋಡೋಣ. ನಿಮ್ಮಲ್ಲಿ 36 ಕಾಟೇಜ್, ಮೂವರು ಸೂಪರ್‌ವೈಸರ್. ಸೆಪ್ಟೆಂಬರ್ ಮೂರನೇ ವಾರ ದಿನಕ್ಕೆ ಸುಮಾರು 20 ಭರ್ತಿ ಇತ್ತು. ನಿಮಗೆ 7, ಉಳಿದ ಇಬ್ಬರಿಗೆ 7 ಮತ್ತು 6. ಸರಿಸುಮಾರು ಮೂರರಲ್ಲಿ ಒಂದು ಪಾಲು. ಅಕ್ಟೋಬರ್ ಮೂರನೇ ವಾರಕ್ಕೆ ಭರ್ತಿ 33ಕ್ಕೆ ಏರಿದೆ. ಈಗ ನಿಮಗೆ 17, ಉಳಿದವರಿಗೆ ತಲಾ 8. ಸೀಸನ್ ಮಾಡಿದ್ದು 20ನ್ನು 33. ಹಳೆಯ ಪಾಲೇ ಇದ್ದಿದ್ದರೆ ನಿಮಗೆ 11 ಬರಬೇಕಿತ್ತು. ಮೇಲಿನ 6 ಸೀಸನ್ನಿನಿಂದ ಬಂದದ್ದಲ್ಲ, ಯಾರೋ ಕೂತು ಹಂಚಿದ್ದು. "ಎಲ್ಲರಿಗೂ ಜಾಸ್ತಿ" ಅನ್ನುವ ಮಾತಿಗೂ ಇಲ್ಲೇ ಉತ್ತರ ಇದೆ. ಉಳಿದವರಿಗೆ ಹೆಚ್ಚಾದದ್ದು ಒಂದೋ ಎರಡೋ ಕಾಟೇಜ್, ನಿಮಗೆ ಹತ್ತು.

ಇದಕ್ಕಿಂತ ಬಲವಾದದ್ದು ನವೆಂಬರ್ 5ರ ಚಾರ್ಟ್. ನೀವು ಅದಕ್ಕೆ ಯಾವ ಗುರುತೂ ಹಾಕಿಲ್ಲ. ಅವತ್ತು ಹಬ್ಬವಿಲ್ಲ, ರಜೆಯಿಲ್ಲ, ಬರೀ 16 ಭರ್ತಿ. ನಿಮಗೆ 9, ಅವರಿಗೆ 4 ಮತ್ತು 3. ಜನ ಕಡಿಮೆಯಾದರು, ನಿಮ್ಮ ಪಾಲು ಕಡಿಮೆಯಾಗಲಿಲ್ಲ. ನಾನು ಹೊರಗಿನ ಸದಸ್ಯಳಾಗಿ ಕೂತ ಸಮಿತಿಗಳಲ್ಲಿ ನೋಡಿದ್ದೇನೆ, ದೂರುದಾರರು ಅತಿ ಕಷ್ಟದ ದಿನವನ್ನೇ ಮುಂದೆ ಇಡುತ್ತಾರೆ. ಅತಿ ಕಷ್ಟದ ದಿನ ಎದುರಿನವರಿಗೆ ನೆಪ ಸಿಗುವ ದಿನವೂ ಹೌದು. ಹಂಚಿಕೆ ಹೇಗಿದೆ ಅಂತ ಸ್ಪಷ್ಟವಾಗಿ ಕಾಣುವುದು ಖಾಲಿ ದಿನದಲ್ಲಿ. ನವೆಂಬರ್‌ನಲ್ಲಿ ಇಂಥ ಇನ್ನಷ್ಟು ದಿನ ಇದ್ದರೆ ಹುಡುಕಿ.

ಒಂದು ವಿಷಯ ನಿಮಗೆ ಇಷ್ಟವಾಗದೇ ಇರಬಹುದು. ಅಕ್ಟೋಬರ್ 8ರಿಂದ 13ರವರೆಗೆ ನಿಮ್ಮ ಜೊತೆಯ ಒಬ್ಬ ಸೂಪರ್‌ವೈಸರ್ ರಜೆಯಲ್ಲಿದ್ದರು ಅಂತ ಚಾರ್ಟ್‌ನಲ್ಲೇ ಇದೆ. ಆ ಆರು ದಿನವನ್ನು ಲೆಕ್ಕದಿಂದ ತೆಗೆಯಿರಿ. ತೆಗೆದಿದ್ದೇನೆ, ಯಾಕೆ ತೆಗೆದೆ ಅಂತ ಒಂದು ಸಾಲು ಬರೆಯಿರಿ. ಅವರು ಹೇಳುವ ಮೊದಲೇ ನೀವು ಹೇಳಿದರೆ ಉಳಿದ ದಿನಗಳ ಲೆಕ್ಕವನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ.

ಈಗ ತಾರೀಖಿನ ವಿಷಯ. ನೀವು ಸೆಪ್ಟೆಂಬರ್ 18ರಿಂದ ಎಣಿಸುತ್ತಿದ್ದೀರಿ. ಅದು ನೀವು ದೂರು ಕೊಟ್ಟ ದಿನ. ನಿಮಗೆ ಬೇಕಾದದ್ದು ಮ್ಯಾನೇಜರ್‌ಗೆ ದೂರಿನ ವಿಷಯ ಗೊತ್ತಾದ ದಿನ. ಗೊತ್ತಿಲ್ಲದ ದೂರಿಗೆ ಯಾರೂ ಸೇಡು ತೀರಿಸಿಕೊಳ್ಳುವುದಿಲ್ಲ, ಅಲ್ವಾ? ಅದೃಷ್ಟಕ್ಕೆ ಈ ತಾರೀಖು ದಾಖಲೆಯಲ್ಲೇ ಇರುತ್ತದೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ನಿಯಮಗಳ ಪ್ರಕಾರ, ದೂರು ಬಂದ 7 ಕೆಲಸದ ದಿನದೊಳಗೆ ಸಮಿತಿ ಅದರ ಒಂದು ಪ್ರತಿಯನ್ನು ಎದುರಿನವರಿಗೆ ಕಳಿಸಬೇಕು. ಯಾವತ್ತು ಕಳಿಸಿದಿರಿ ಅಂತ ಸಮಿತಿಯನ್ನು ಬರಹದಲ್ಲಿ ಕೇಳಿ. ಸೆಪ್ಟೆಂಬರ್ 24ಕ್ಕೆ ಕಳಿಸಿದರು ಅಂತ ನಿಮಗೆ ಸಮಿತಿಯ ಸದಸ್ಯೆಯೊಬ್ಬರು ಬಾಯಲ್ಲಿ ಹೇಳಿದ್ದಾರೆ ಅಂತ ಬರೆದಿದ್ದೀರಿ. ಅದು ಕಾಗದದಲ್ಲಿ ಬರಲಿ. 24ಕ್ಕೆ ಪ್ರತಿ ಕೈ ಸೇರಿ, 29ಕ್ಕೆ ನಿಮ್ಮ ಪಾಳಿ ಬದಲಾಗಿದ್ದರೆ, ನಡುವೆ ಇರುವುದು ಐದೇ ದಿನ.

ಇದೇ ಕಾರಣಕ್ಕೆ ಸೆಪ್ಟೆಂಬರ್ 20ರ ಗುರುತನ್ನು ಅಳಿಸಿಬಿಡಿ. ಅವತ್ತು ನಿಮಗೆ 10 ಕಾಟೇಜ್ ಬಂದದ್ದು ನಿಜ. ಆದರೆ ಆಗ ಅವರಿಗೆ ವಿಷಯ ಗೊತ್ತಿತ್ತು ಅಂತ ತೋರಿಸಲು ನಿಮ್ಮ ಹತ್ತಿರ ಮೆಸೇಜೂ ಇಲ್ಲ, ಸಾಕ್ಷಿಯೂ ಇಲ್ಲ. ಅದನ್ನು ಇಟ್ಟುಕೊಂಡರೆ "ದೂರಿನ ವಿಷಯ ನನಗೆ ಗೊತ್ತಾಗುವ ಮೊದಲೂ ಹೀಗೇ ಏರುಪೇರು ಇತ್ತು" ಅಂತ ಅವರೇ ಬಳಸುತ್ತಾರೆ.

ಚಾರ್ಟ್ ಯಾರು ಹಾಕಿದರು ಅನ್ನುವುದನ್ನೂ ಗಮನಿಸಿ. ಮುಂದೆ ಬರುವ ವಾದ ಇದೇ: "ಡ್ಯೂಟಿ ಹಂಚೋದು ನಾನಲ್ಲ, ಹೌಸ್‌ಕೀಪಿಂಗ್ ಮುಖ್ಯಸ್ಥರು. ಅವರಿಗೆ ದೂರಿನ ವಿಷಯವೇ ಗೊತ್ತಿಲ್ಲ." ಕಾಯ್ದೆ ಪ್ರಕಾರ ದೂರು ಗುಟ್ಟಾಗಿರಬೇಕು, ಹಾಗಾಗಿ ಗೊತ್ತಿಲ್ಲದಿರುವುದು ಸಾಧ್ಯವೂ ಹೌದು. ಆದರೆ ನಿಮ್ಮ ಫೋಟೋಗಳಲ್ಲಿ ಒಂದು ವ್ಯತ್ಯಾಸ ಇದೆ. ಸೆಪ್ಟೆಂಬರ್ 28ರವರೆಗೆ ಚಾರ್ಟ್ ಲಿನನ್ ರೂಮಿನ ಬೋರ್ಡಿನಲ್ಲಿ ಇರುತ್ತಿತ್ತು, ಕೈಬರಹ ಮುಖ್ಯಸ್ಥರದ್ದು. 29ರಿಂದ ಟೈಪ್ ಮಾಡಿದ ಚಾರ್ಟ್ ವಾಟ್ಸಾಪ್ ಗುಂಪಿಗೆ ಬರುತ್ತಿದೆ, ಹಾಕುತ್ತಿರುವುದು ಆಪರೇಷನ್ಸ್ ಮ್ಯಾನೇಜರ್. ಹಂಚುವ ಕೈಯೇ ಬದಲಾಗಿದೆ ಅಂತ ಇದರಿಂದ ಕಾಣುತ್ತದೆ. ನನ್ನ ಲೆಕ್ಕದಲ್ಲಿ ಇದು 17 ಅನ್ನುವ ಸಂಖ್ಯೆಗಿಂತ ದೊಡ್ಡದು.

ಪಾಳಿಗೆ ಬರೋಣ, ಯಾಕೆಂದರೆ ನಿಮ್ಮ ಅಪ್ರೈಸಲ್‌ನ ಬೇರು ಅಲ್ಲಿದೆ. ಬೆಳಿಗ್ಗೆ 8ರಿಂದ 5 ಇದ್ದದ್ದು ಮಧ್ಯಾಹ್ನ 12.30ರಿಂದ ರಾತ್ರಿ 9.30 ಆಯಿತು. ಕೊನೆಯ ಬಸ್ಸು ಸಿಗುವುದಿಲ್ಲ, ಆನೆ ಓಡಾಡುವ ದಾರಿಯಲ್ಲಿ ರಾತ್ರಿ ಮನೆಯವರು ಜೀಪು ತರಬೇಕು ಅಂತ ಬರೆದಿದ್ದೀರಿ. ಅದನ್ನು ಖಂಡಿತ ಬರೆಯಿರಿ. ಜೊತೆಗೆ ನಿಮ್ಮ ಕೆಲಸ ಗೊತ್ತಿರುವವರಿಗೆ ಮಾತ್ರ ಕಾಣುವ ಇನ್ನೊಂದು ಸಂಗತಿ ಇದೆ, ಅದನ್ನು ಬಿಡಿಸಿ ಹೇಳಿ.

ನಿಮ್ಮಲ್ಲಿ ಚೆಕ್‌ಔಟ್ 11ಕ್ಕೆ, ಚೆಕ್‌ಇನ್ 2ಕ್ಕೆ. ಹುಡುಗಿಯರು ಕ್ಲೀನ್ ಮಾಡಿದ ಮೇಲೆ ಸೂಪರ್‌ವೈಸರ್ ಒಳಗೆ ಹೋಗಿ ಹಾಸಿಗೆ, ಬಾತ್‌ರೂಮ್, ಗೀಸರ್ ಎಲ್ಲ ನೋಡಿ ರಿಲೀಸ್ ಕೊಡುವವರೆಗೆ ಆ ಕಾಟೇಜ್ ಫ್ರಂಟ್ ಆಫೀಸಿಗೆ ಸಿಗುವುದಿಲ್ಲ. ಮೊದಲು ನಿಮಗೆ ಈ ಕೆಲಸಕ್ಕೆ 11ರಿಂದ 2ರವರೆಗೆ ಮೂರು ಗಂಟೆ ಇತ್ತು. ಈಗ ನೀವು ಬರುವುದೇ 12.30ಕ್ಕೆ. ಉಳಿಯುವುದು 90 ನಿಮಿಷ. ಒಂದು ಚೆಕ್‌ಔಟ್ ಕಾಟೇಜ್ ನೋಡಲು 10 ನಿಮಿಷ ಅಂದರೂ, ನಡೆಯುವ ಹೊತ್ತು ಸೇರಿಸದೆ, 9 ಮಾತ್ರ ಆಗುತ್ತದೆ. ಅಕ್ಟೋಬರ್ 19ಕ್ಕೆ ನಿಮ್ಮ 17ರಲ್ಲಿ 14 ಚೆಕ್‌ಔಟ್ ಇತ್ತು. ಅವುಗಳಲ್ಲಿ ಹೆಚ್ಚಿನವು ಗುಡ್ಡದ ಮೇಲಿನ ಸಾಲಿನವು, ಮಳೆ ಬಂದರೆ ಬಗ್ಗಿ ಗಾಡಿ ಹತ್ತುವುದಿಲ್ಲ, ಲಿನನ್ ಹೊತ್ತುಕೊಂಡು ಹೋಗಬೇಕು. ಅಂದರೆ ಅವತ್ತು ಕನಿಷ್ಠ ಐದು ಕಾಟೇಜ್ ತಡವಾಗುವುದು ಚಾರ್ಟ್ ಬರೆದಾಗಲೇ ಖಚಿತವಾಗಿತ್ತು.

ಈಗ ನವೆಂಬರ್ 12ರ ಅಪ್ರೈಸಲ್‌ನ ಮೊದಲ ಸಾಲು ಓದಿ: "ಚೆಕ್‌ಇನ್ ಹೊತ್ತಿಗೆ ರೂಮುಗಳು ಸಿದ್ಧವಿರುವುದಿಲ್ಲ."

ಕೆಲಸದ ಹೊರೆ, ಅಪ್ರೈಸಲ್ ಎರಡನ್ನೂ ಬೇರೆ ಬೇರೆ ಕಷ್ಟ ಅಂತ ಬರೆಯಬೇಡಿ. ಮೊದಲನೆಯದು ಎರಡನೆಯದಕ್ಕೆ ಕಾರಣ ತಯಾರು ಮಾಡಿದೆ. ಆಗದ ಕೆಲಸ ಕೊಟ್ಟು, ಆಗಲಿಲ್ಲ ಅಂತ ಬರೆದಿದ್ದಾರೆ. ಇದನ್ನು ಪಕ್ಕಪಕ್ಕ ಇಟ್ಟು ತೋರಿಸಿ: ಒಂದು ಕಡೆ ಆ ಸಾಲು, ಇನ್ನೊಂದು ಕಡೆ ಅಕ್ಟೋಬರ್ 19ರ 14 ಚೆಕ್‌ಔಟ್ ಮತ್ತು 90 ನಿಮಿಷ. ಸೆಪ್ಟೆಂಬರ್‌ನಲ್ಲಿ ನಿಮ್ಮ ಕಾಟೇಜ್‌ಗಳು 2 ಗಂಟೆಗೆ ಸಿದ್ಧವಿದ್ದವೋ ಇಲ್ಲವೋ ಅನ್ನುವುದು ಫ್ರಂಟ್ ಆಫೀಸಿನ ಕಂಪ್ಯೂಟರ್‌ನಲ್ಲಿ ರಿಲೀಸ್ ಸಮಯದ ಸಮೇತ ಇರುತ್ತದೆ. ಅದನ್ನು ನೀವು ತೆಗೆಯಬೇಡಿ, ಸಮಿತಿ ತರಿಸಲಿ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಅಪ್ರೈಸಲ್‌ನ ಉಳಿದ ಸಾಲುಗಳು "ಧೋರಣೆ ಸರಿಯಿಲ್ಲ", "ಟೀಮ್ ಜೊತೆ ಹೊಂದಿಕೊಳ್ಳುವುದಿಲ್ಲ", "ಮೆಸೇಜ್‌ಗೆ ತಕ್ಷಣ ಉತ್ತರಿಸುವುದಿಲ್ಲ". ಮೊದಲ ಎರಡರಲ್ಲಿ ತಾರೀಖಿಲ್ಲ, ಘಟನೆಯಿಲ್ಲ, ಅತಿಥಿಯ ದೂರಿಲ್ಲ. ಏಪ್ರಿಲ್‌ನ ಫಾರಂನಲ್ಲಿ ಎಂಟು ಅಂಶಕ್ಕೂ ಬೇರೆ ಬೇರೆ ಅಂಕ ಕೊಟ್ಟು ಸೇರಿಸಿದ್ದಾರೆ. ಈ ಸಲ ಅಂಕದ ಜಾಗ ಖಾಲಿ, ಕೆಳಗೆ 2 ಅಂತ ಮಾತ್ರ ಇದೆ. ನಿಮ್ಮಲ್ಲಿ ಅಪ್ರೈಸಲ್ ವರ್ಷಕ್ಕೊಂದು ಸಲ, ಏಪ್ರಿಲ್‌ನಲ್ಲಿ. ನವೆಂಬರ್‌ನಲ್ಲಿ ಕರೆದದ್ದು ನಿಮ್ಮೊಬ್ಬರನ್ನೇ. ಈ ಮೂರು ಸಂಗತಿಗಳು, ಅಂದರೆ ಹೊತ್ತಲ್ಲದ ಹೊತ್ತು, ಒಬ್ಬರಿಗೇ, ಲೆಕ್ಕವಿಲ್ಲದ ಅಂಕ, 4ರಿಂದ 2ಕ್ಕೆ ಇಳಿದದ್ದಕ್ಕಿಂತ ಹೆಚ್ಚು ಮಾತಾಡುತ್ತವೆ. ಅಂಕ ಇಳಿಯುವುದು ಯಾರಿಗೂ ಆಗಬಹುದು. ಪದ್ಧತಿ ಬಿಟ್ಟು ನಡೆದದ್ದಕ್ಕೆ ಮಾತ್ರ ಅವರೇ ಉತ್ತರ ಕೊಡಬೇಕು.

ಮೆಸೇಜ್ ವಿಷಯ ನಮ್ಮ ಊರಿನ ನೆಟ್‌ವರ್ಕ್ ಗೊತ್ತಿಲ್ಲದವರು ಮಾಡುವ ಆರೋಪ. ಕರೆಂಟ್ ಹೋದರೆ ಟವರ್ ಹೋಗುತ್ತದೆ. ರಾತ್ರಿ 9.40ಕ್ಕೆ ಕಳಿಸಿದ್ದು ನಿಮ್ಮ ಮನೆಗೆ ಬೆಳಿಗ್ಗೆ ತಲುಪುತ್ತದೆ, ಆದರೆ ನಿಮ್ಮ ಫೋನಿನಲ್ಲಿ ಕಾಣುವುದು ಅವರು ಕಳಿಸಿದ ಸಮಯ. ತಲುಪಿದ ಸಮಯ ಕಳಿಸಿದವರ ಫೋನಿನಲ್ಲಿ, ಆ ಮೆಸೇಜಿನ "ಇನ್ಫೋ" ಒತ್ತಿದರೆ ಸಿಗುತ್ತದೆ. ಮ್ಯಾನೇಜರ್ ತಮ್ಮ ಫೋನಿನ ಆ ಪರದೆಯನ್ನು ತೋರಿಸಲಿ ಅಂತ ಸಮಿತಿಗೆ ಕೇಳಿ.

ಅಪ್ರೈಸಲ್‌ಗೆ ಇನ್ನೂ ಸಹಿ ಹಾಕಿಲ್ಲ ಅಂದಿದ್ದೀರಿ. ಹಾಕದೆ ಕೂತರೆ "ಸಹಕರಿಸಲಿಲ್ಲ" ಅಂತ ಇನ್ನೊಂದು ಸಾಲು ಸೇರುತ್ತದೆ. ಹಾಕಿ, ಆದರೆ ಸಹಿಯ ಮೇಲೆ ನಿಮ್ಮ ಕೈಯಿಂದಲೇ "ಪ್ರತಿ ತಲುಪಿದೆ, ಒಪ್ಪಿಗೆ ಇಲ್ಲ, ಪ್ರತ್ಯೇಕ ಉತ್ತರ ಕೊಡುತ್ತೇನೆ" ಅಂತ ಬರೆದು ತಾರೀಖು ಹಾಕಿ, ಫೋಟೋ ತೆಗೆದುಕೊಳ್ಳಿ. ಉತ್ತರವನ್ನು ತಡಮಾಡದೆ ಎಚ್‌ಆರ್‌ಗೆ ಮೇಲ್ ಮಾಡಿ, ಒಂದು ಪ್ರತಿ ಸಮಿತಿಯ ಅಧ್ಯಕ್ಷೆಗೆ ಇರಲಿ. ನಿಮ್ಮ ಸ್ವಂತ ಮೇಲ್ ಐಡಿಯಿಂದ ಕಳಿಸಿ. ಕೆಲಸ ಬಿಡಬೇಕಾಗಿ ಬಂದರೆ ಆಫೀಸಿನ ಐಡಿ ಅವತ್ತೇ ಬಂದ್ ಆಗುತ್ತದೆ, ಬರೆದದ್ದೆಲ್ಲ ಅದರ ಜೊತೆ ಹೋಗುತ್ತದೆ.

ಮೇಲ್ ಹೀಗಿದ್ದರೆ ಸಾಕು:

"ಸೆಪ್ಟೆಂಬರ್ 29ರಿಂದ ನನ್ನ ಪಾಳಿ ಬೆಳಿಗ್ಗೆ 8ರ ಬದಲು ಮಧ್ಯಾಹ್ನ 12.30ಕ್ಕೆ ಶುರುವಾಗುತ್ತಿದೆ. ಅದೇ ದಿನದಿಂದ ಭರ್ತಿಯಾದ ಕಾಟೇಜ್‌ಗಳಲ್ಲಿ ಸುಮಾರು ಅರ್ಧ ನನ್ನ ಪಾಲಿಗೆ ಬರುತ್ತಿವೆ, ಮೊದಲು ಮೂರನೇ ಒಂದು ಭಾಗ ಬರುತ್ತಿತ್ತು. ವಾರದ ರಜೆ ಎರಡು ಸಲ ರದ್ದಾಗಿದೆ, ಬದಲಿ ರಜೆ ಸಿಕ್ಕಿಲ್ಲ. ದಿನವಾರು ಲೆಕ್ಕ ಲಗತ್ತಿಸಿದ್ದೇನೆ. ಕೊಟ್ಟ ಕೆಲಸ ಮಾಡುತ್ತಿದ್ದೇನೆ, ಮುಂದೆಯೂ ಮಾಡುತ್ತೇನೆ. ಈ ಬದಲಾವಣೆಗೆ ಕಾರಣ ಏನು, ಯಾರ ಸೂಚನೆಯಿಂದ ಆಯಿತು, ಎಷ್ಟು ದಿನ ಇರುತ್ತದೆ ಎಂದು ಬರಹದಲ್ಲಿ ತಿಳಿಸಬೇಕು. ನವೆಂಬರ್ 12ರ ಅಪ್ರೈಸಲ್‌ನ ಪ್ರತಿ ಟಿಪ್ಪಣಿಗೂ ಯಾವ ದಿನದ ಯಾವ ಘಟನೆ ಆಧಾರ ಎಂದೂ ತಿಳಿಸಬೇಕು."

ಇದರಲ್ಲಿ ಎಲ್ಲೂ ಸೇಡು, ದ್ವೇಷ, ಕಿರುಕುಳ ಅಂತ ಇಲ್ಲ, ನೋಡಿ. ಬೇಕಂತಲೇ ಬಿಟ್ಟಿದ್ದೇನೆ. ಎಚ್‌ಆರ್‌ನವರು ಆರೋಪಕ್ಕೆ "ಆಧಾರರಹಿತ" ಅಂತ ಒಂದೇ ಪದದಲ್ಲಿ ಉತ್ತರಿಸಿ ಮುಗಿಸಬಹುದು. ಪ್ರಶ್ನೆಗೆ ಹಾಗೆ ಉತ್ತರಿಸಲು ಆಗುವುದಿಲ್ಲ. ಅವರು ಕಾರಣ ಬರೆದರೆ ಅದನ್ನು ಚಾರ್ಟ್ ಜೊತೆ ಹೋಲಿಸಬಹುದು. ಬರೆಯದಿದ್ದರೆ, ಕೇಳಿದರೂ ಹೇಳಲಿಲ್ಲ ಅನ್ನುವುದೇ ದಾಖಲೆ. "ಕೆಲಸ ಮಾಡುತ್ತಿದ್ದೇನೆ" ಅನ್ನುವ ಸಾಲನ್ನು ಮಾತ್ರ ಮರೆಯಬೇಡಿ. ಕೋಪದಲ್ಲಿ ಒಂದು ದಿನ ಕಾಟೇಜ್ ಬಿಟ್ಟು ಬಂದರೆ, ಮಾತು ನಿಮ್ಮ ದೂರಿನಿಂದ ನಿಮ್ಮ ಅಶಿಸ್ತಿಗೆ ತಿರುಗುತ್ತದೆ.

ದಿನವಾರು ಲೆಕ್ಕ ಅಂದೆನಲ್ಲ, ಅದಕ್ಕೆ ಎಕ್ಸೆಲ್ ಬೇಕಿಲ್ಲ, ಗೆರೆ ಎಳೆದ ನೋಟ್‌ಬುಕ್ ಸಾಕು. ತಾರೀಖು, ಒಟ್ಟು ಭರ್ತಿ, ನಿಮ್ಮದು, ಇನ್ನಿಬ್ಬರದು, ನಿಮ್ಮದರಲ್ಲಿ ಚೆಕ್‌ಔಟ್ ಎಷ್ಟು, ಚಾರ್ಟ್ ಯಾರು ಹಾಕಿದರು, ಯಾವ ಫೋಟೋದಲ್ಲಿ ಇದೆ. ಇಷ್ಟೇ. ನಿಮ್ಮ ನೋವು, ಅವರು ನೋಡಿದ ರೀತಿ, ಅಳು ಬಂದದ್ದು ಇವು ಸುಳ್ಳಲ್ಲ, ಆದರೆ ಇನ್ನೊಂದು ಪುಟದಲ್ಲಿರಲಿ. ಲೆಕ್ಕದ ಪುಟವನ್ನು ಸಮಿತಿಯವರು ಒಂದೇ ನೋಟಕ್ಕೆ ಓದುವಂತಿರಬೇಕು. ಇವತ್ತಿನದನ್ನು ಇವತ್ತೇ ಬರೆಯಿರಿ. ಹಿಂದಿನದನ್ನು ಫೋಟೋ ನೋಡಿ ತುಂಬುತ್ತಿದ್ದರೆ "ಫೋಟೋ ನೋಡಿ ನವೆಂಬರ್‌ನಲ್ಲಿ ಬರೆದದ್ದು" ಅಂತ ಮೇಲೆ ಹಾಕಿ. ಎಲ್ಲ ದಿನವೂ ಒಂದೇ ಪೆನ್ನಿನಲ್ಲಿ ಒಂದೇ ಉಸಿರಿಗೆ ಬರೆದಂತಿದ್ದರೆ ಎದುರಿನ ವಕೀಲರು ಮೊದಲು ಹಿಡಿಯುವುದು ಅದನ್ನೇ.

ವಾಟ್ಸಾಪ್ ಗುಂಪಿನಿಂದ ನಿಮ್ಮನ್ನು ಯಾವತ್ತು ಬೇಕಾದರೂ ತೆಗೆಯಬಹುದು. ಅದಕ್ಕೆ ಮೊದಲು ಚಾಟ್ ಅನ್ನು ಎಕ್ಸ್‌ಪೋರ್ಟ್ ಮಾಡಿ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಿ. ಮೂಲ ಮೆಸೇಜ್‌ಗಳನ್ನು ಫೋನಿನಲ್ಲಿ ಹಾಗೇ ಬಿಡಿ. ಮುಂದೆ ವಿಷಯ ಕೋರ್ಟಿಗೆ ಹೋದರೆ, ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಂ ಪ್ರಕಾರ ಇಂಥ ದಾಖಲೆಗೆ ಪ್ರಮಾಣಪತ್ರ ಬೇಕಾಗುತ್ತದೆ, ಆಗ ಮೂಲ ಫೋನು ನಿಮ್ಮ ಹತ್ತಿರ ಇರುವುದು ಒಳ್ಳೆಯದು.

ಇನ್ನು ಏನು ಮುಟ್ಟಬಾರದು ಅಂತ. ಅತಿಥಿಗಳ ರಿಜಿಸ್ಟರ್, ಅವರ ಆಧಾರ್ ಪ್ರತಿ, ಫ್ರಂಟ್ ಆಫೀಸಿನ ಕಂಪ್ಯೂಟರ್ ಪರದೆ, ಇನ್ನೊಬ್ಬರ ಅಪ್ರೈಸಲ್, ಇವುಗಳ ಫೋಟೋ ಬೇಡ. ನಿಮ್ಮನ್ನು ಕೆಲಸದಿಂದ ತೆಗೆಯಲು ಅವರಿಗೆ ನಿಜವಾದ ಕಾರಣ ಸಿಗುವುದು ಅಲ್ಲೇ. ಮತ್ತು ಅಗತ್ಯವೂ ಇಲ್ಲ. ಲೈಂಗಿಕ ಕಿರುಕುಳ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಜನರನ್ನು ಕರೆಸಲು, ದಾಖಲೆ ತರಿಸಲು ಸಮಿತಿಗೆ ಸಿವಿಲ್ ಕೋರ್ಟಿನಷ್ಟೇ ಅಧಿಕಾರ ಇದೆ. ಆಗಸ್ಟ್‌ನಿಂದ ನವೆಂಬರ್‌ವರೆಗಿನ ಡ್ಯೂಟಿ ಚಾರ್ಟ್, ಅದೇ ಅವಧಿಯ ದಿನವಾರು ಭರ್ತಿ, ರಿಲೀಸ್ ಸಮಯ, ಕಳೆದ ವರ್ಷ ಅಕ್ಟೋಬರ್‌ನ ಚಾರ್ಟ್, ಈ ನವೆಂಬರ್‌ನಲ್ಲಿ ಯಾರ್ಯಾರಿಗೆ ಅಪ್ರೈಸಲ್ ಆಯಿತು ಅನ್ನುವ ಪಟ್ಟಿ. ಇವನ್ನು ಹೆಸರು ಹಿಡಿದು ಕೇಳಿ. "ಎಲ್ಲ ದಾಖಲೆ ತರಿಸಿ" ಅಂದರೆ ಏನೂ ಬರುವುದಿಲ್ಲ. ಕಳೆದ ವರ್ಷದ ಅಕ್ಟೋಬರ್ ಮುಖ್ಯ, ಯಾಕೆಂದರೆ ಆಗಲೂ ಸೀಸನ್ ಇತ್ತು, ಆಗ ನಿಮ್ಮ ಪಾಲು ಎಷ್ಟಿತ್ತು ಅನ್ನುವುದು ಅದರಲ್ಲಿದೆ.

ಕಾಗದವನ್ನೇ ಯಾಕೆ ಇಷ್ಟು ಹಿಡಿದುಕೊಂಡಿದ್ದೇನೆ ಅಂದರೆ, ಕೊಡಗು ಚಿಕ್ಕ ಜಿಲ್ಲೆ. ಇಲ್ಲಿ ಒಬ್ಬರಿಗೊಬ್ಬರು ಒಂದಲ್ಲ ಒಂದು ಕಡೆಯಿಂದ ನೆಂಟರು, ಇಲ್ಲದಿದ್ದರೆ ಒಂದೇ ಊರಿನವರು. ನಿಮ್ಮ ಜೊತೆಯ ಸೂಪರ್‌ವೈಸರ್‌ಗೆ ಎಲ್ಲ ಗೊತ್ತಿದ್ದರೂ, ನಾಳೆ ಮದುವೆ ಮನೆಯಲ್ಲಿ ಮ್ಯಾನೇಜರ್ ಕಡೆಯವರ ಮುಖ ನೋಡಬೇಕಲ್ಲ ಅಂತ ಸಮಿತಿ ಮುಂದೆ ಬಾಯಿ ಬಿಡದೇ ಇರಬಹುದು. ಅವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಚಾರ್ಟ್‌ಗೆ ನೆಂಟರಿಲ್ಲ.

ಸಮಿತಿಗೆ ಕೇಳಬೇಕಾದ ಇನ್ನೊಂದನ್ನು ನೀವು ಇನ್ನೂ ಕೇಳಿಲ್ಲ, ನನಗೆ ಅದೇ ಆಶ್ಚರ್ಯ. ವಿಚಾರಣೆ ನಡೆಯುತ್ತಿರುವಾಗ, ನೀವು ಬರಹದಲ್ಲಿ ಕೋರಿದರೆ, ಸಮಿತಿ ಮಧ್ಯಂತರ ಪರಿಹಾರಕ್ಕೆ ಶಿಫಾರಸು ಮಾಡಬಹುದು. ಕಾಯ್ದೆಯ 12ನೇ ಕಲಂ ಪ್ರಕಾರ ನಿಮ್ಮನ್ನೋ ಅವರನ್ನೋ ಬೇರೆ ಕಡೆಗೆ ವರ್ಗಾಯಿಸಬಹುದು, ನಿಮಗೆ ಮೂರು ತಿಂಗಳವರೆಗೆ ರಜೆ ಕೊಡಬಹುದು. ಈ ರಜೆ ನಿಮಗೆ ಹೇಗೂ ಇರುವ ರಜೆಯಲ್ಲಿ ಕಳೆಯುವುದಿಲ್ಲ. ನಿಮ್ಮ ವಿಷಯದಲ್ಲಿ ಇದಕ್ಕಿಂತ ಉಪಯೋಗದ್ದು ನಿಯಮ 8ರಲ್ಲಿದೆ: ಎದುರಿನವರು ನಿಮ್ಮ ಕೆಲಸದ ಬಗ್ಗೆ ವರದಿ ಬರೆಯದಂತೆ ತಡೆದು, ಆ ಕೆಲಸವನ್ನು ಬೇರೆ ಅಧಿಕಾರಿಗೆ ವಹಿಸಬಹುದು. ಅಂದರೆ ಅವರು ನಿಮ್ಮ ಅಪ್ರೈಸಲ್ ಬರೆಯುವಂತಿಲ್ಲ. ಸೆಪ್ಟೆಂಬರ್‌ನಲ್ಲೇ ಕೋರಿದ್ದರೆ ನವೆಂಬರ್ 12 ನಡೆಯದೇ ಇರಬಹುದಿತ್ತು. ಈಗಲೂ ಕೋರಿ. ನವೆಂಬರ್ 12ರ ಅಪ್ರೈಸಲ್ ಅನ್ನು ವಿಚಾರಣೆ ಮುಗಿಯುವವರೆಗೆ ತಡೆಹಿಡಿಯಲಿ, ಡ್ಯೂಟಿ ಹಂಚಿಕೆ ಮತ್ತೆ ಹೌಸ್‌ಕೀಪಿಂಗ್ ಮುಖ್ಯಸ್ಥರ ಕೈಗೆ ಹೋಗಲಿ ಅಂತಲೂ ಅದರಲ್ಲೇ ಸೇರಿಸಿ. ನಿಯಮದಲ್ಲಿ ಈ ಎರಡು ಅಕ್ಷರಶಃ ಇಲ್ಲ, ಸಮಿತಿ ಒಪ್ಪಲೇಬೇಕು ಅಂತಿಲ್ಲ. ಆದರೆ ಅಪ್ರೈಸಲ್ ಬರೆಯಬಾರದ ವ್ಯಕ್ತಿ ಡ್ಯೂಟಿ ಮಾತ್ರ ಹಂಚಬಹುದು ಅಂತ ವಾದಿಸುವುದು ಅವರಿಗೆ ಸುಲಭವಲ್ಲ. ಸಮಿತಿ ಶಿಫಾರಸು ಮಾಡಿದರೆ ಮ್ಯಾನೇಜ್‌ಮೆಂಟ್ ಅದನ್ನು ಜಾರಿ ಮಾಡಿ ಸಮಿತಿಗೆ ವರದಿ ಕೊಡಬೇಕು.

ಇದರ ಜೊತೆಗೆ ಸೆಪ್ಟೆಂಬರ್ 29ರ ನಂತರದ್ದನ್ನೆಲ್ಲ ಮೂಲ ದೂರಿಗೆ ಪೂರಕ ದೂರು ಅಂತ ಸಲ್ಲಿಸಿ, ಲೆಕ್ಕದ ಪುಟ ಲಗತ್ತಿಸಿ. ಇದು ಬರೀ ಆಫೀಸಿನ ತಕರಾರಲ್ಲ. ಲೈಂಗಿಕ ಕಿರುಕುಳಕ್ಕೆ ಸಂಬಂಧಪಟ್ಟಂತೆ ಕೆಲಸದಲ್ಲಿ ತೊಂದರೆ ಕೊಡುವ ಬೆದರಿಕೆ, ಕೆಲಸಕ್ಕೆ ಅಡ್ಡಿ, ಹೆದರಿಸುವ ವಾತಾವರಣ ಇದ್ದರೆ ಅದೂ ಲೈಂಗಿಕ ಕಿರುಕುಳವೇ ಆಗಬಹುದು ಅಂತ 3ನೇ ಕಲಂ ಹೇಳುತ್ತದೆ. ದೂರಿಗೆ ಮೂರು ತಿಂಗಳ ಗಡುವು ಇದೆ. ಸರಣಿಯಾಗಿ ನಡೆದಿದ್ದರೆ ಕೊನೆಯ ಘಟನೆಯಿಂದ ಎಣಿಸಬೇಕು. ಆದರೆ ಸರಣಿ ಹೌದೋ ಅಲ್ಲವೋ ಅಂತಲೇ ವಾದ ಶುರುವಾಗಬಹುದು, ಹಾಗಾಗಿ ಸೆಪ್ಟೆಂಬರ್ 29ರಿಂದಲೇ ಎಣಿಸಿ, ಡಿಸೆಂಬರ್ 29ರ ಒಳಗೆ ಕೊಟ್ಟುಬಿಡಿ.

ಒಂದು ಎಚ್ಚರಿಕೆ. ಗುಂಪಿನಲ್ಲಿ "ನನ್ನ ಮೇಲೆ ಸೇಡು ತೀರಿಸ್ತಿದ್ದಾರೆ" ಅಂತ ಹಾಕಬೇಕು ಅನ್ನಿಸುತ್ತದೆ, ನಿಜ. ದೂರಿನ ವಿವರ, ಹೆಸರು, ವಿಚಾರಣೆಯ ಸಂಗತಿ ಜನರಿಗಾಗಲಿ ಪತ್ರಿಕೆಗಾಗಲಿ ತಿಳಿಸಬಾರದು ಅಂತ 16ನೇ ಕಲಂ ಇದೆ. ನಿಮ್ಮನ್ನು ಕಾಪಾಡುವ ಆ ಕಲಮನ್ನೇ ಅವರು ನಿಮ್ಮ ವಿರುದ್ಧ ತಿರುಗಿಸಲು ಬಿಡಬೇಡಿ.

ಎಲ್ಲ ಸರಿಯಾಗಿ ಬರೆದರೂ ಇದು ಎಷ್ಟು ದೂರ ಹೋಗುತ್ತದೆ? ದೂರಿನ ನಂತರ ಆಯಿತು ಅನ್ನುವುದೊಂದೇ ಯಾರಿಗೂ ಸಾಲುವುದಿಲ್ಲ. ದೂರಿಗೆ ಮೊದಲೇ ನಿಮಗೆ ಎಚ್ಚರಿಕೆ ಪತ್ರ ಬಂದಿದ್ದರೆ, ಅಥವಾ ನವೆಂಬರ್‌ನಲ್ಲಿ ಮೂವರಿಗೂ ಅಪ್ರೈಸಲ್ ಆಗಿ ಮೂವರ ಅಂಕವೂ ಇಳಿದಿದ್ದರೆ, ನಾನು ಈ ಉತ್ತರವನ್ನು ಬೇರೆ ರೀತಿ ಬರೆಯುತ್ತಿದ್ದೆ. ನಿಮ್ಮ ಕಾಗದಗಳಲ್ಲಿ ಅಂಥದ್ದು ಕಾಣಲಿಲ್ಲ. ಇದ್ದೂ ಕಳಿಸದಿದ್ದರೆ ಈಗಲೇ ಹೇಳಿ. ಅದು ಹೇಗೂ ಹೊರಗೆ ಬರುತ್ತದೆ. ಇನ್ನೊಂದು ಮಾತು, ಮೂಲ ದೂರು ಸಾಬೀತಾಗಲಿಲ್ಲ ಅಂತಲೇ ನಿಮ್ಮ ಮೇಲೆ ಸುಳ್ಳು ದೂರಿನ ಕ್ರಮ ಬರುವುದಿಲ್ಲ. ಸಾಕ್ಷ್ಯ ಸಾಲಲಿಲ್ಲ ಅನ್ನುವುದು ಬೇರೆ, ಗೊತ್ತಿದ್ದೂ ಸುಳ್ಳು ಹೇಳುವುದು ಬೇರೆ ಅಂತ 14ನೇ ಕಲಂನಲ್ಲೇ ಸ್ಪಷ್ಟವಾಗಿದೆ. ಯಾರಾದರೂ ಹಾಗೆ ಹೆದರಿಸಿ ರಾಜೀನಾಮೆ ಬರೆಸಲು ನೋಡಿದರೆ, "ಸ್ವಂತ ಇಚ್ಛೆಯಿಂದ" ಅನ್ನುವ ಕಾಗದಕ್ಕೆ ಅಲ್ಲೇ ಕೂತು ಸಹಿ ಹಾಕಬೇಡಿ. ಮನೆಗೆ ತನ್ನಿ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ನಿಮ್ಮ ದೂರು ಲೈಂಗಿಕ ಕಿರುಕುಳದ್ದಲ್ಲ, ಪಿಎಫ್ ಕಟ್ಟಿಲ್ಲ ಅಂತಲೋ ಓವರ್‌ಟೈಮ್ ಕೊಟ್ಟಿಲ್ಲ ಅಂತಲೋ ಕೇಳಿದ್ದಕ್ಕೆ ಹೀಗಾಗಿದ್ದರೆ, ಮೇಲಿನ ಲೆಕ್ಕದ ವಿಧಾನ ಹಾಗೇ ನಡೆಯುತ್ತದೆ. ಆದರೆ ಈ ಸಮಿತಿ, ನಿಯಮ 8 ಯಾವುದೂ ಸಿಗುವುದಿಲ್ಲ, ಕಾರ್ಮಿಕ ಇಲಾಖೆಗೆ ಹೋಗಬೇಕು. ಹತ್ತು ಜನಕ್ಕಿಂತ ಕಡಿಮೆ ಇರುವ ಹೋಮ್‌ಸ್ಟೇ ಅಥವಾ ಚಿಕ್ಕ ತೋಟದಲ್ಲಿ, ಇಲ್ಲವೇ ದೂರು ಮಾಲೀಕರ ಮೇಲೇ ಇದ್ದರೆ, ಆಂತರಿಕ ಸಮಿತಿಯ ಬದಲು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬೇಕು. ಅದರ ದಾರಿ ಮಡಿಕೇರಿಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಯಲ್ಲಿ ಕೇಳಿದರೆ ಗೊತ್ತಾಗುತ್ತದೆ.

ನಿಮ್ಮ ವಿಚಾರಣೆ 90 ದಿನದಲ್ಲಿ ಮುಗಿಯಬೇಕು, ಅಂದರೆ ಡಿಸೆಂಬರ್ 17ರ ಹೊತ್ತಿಗೆ. ಸಮಿತಿ ಇನ್ನೂ ನಿಮ್ಮನ್ನು ಒಂದು ಸಲವೂ ಕರೆದಿಲ್ಲ ಅಂದಿದ್ದೀರಿ. ಪೂರಕ ದೂರು, ಮಧ್ಯಂತರ ಪರಿಹಾರದ ಕೋರಿಕೆ, ತರಿಸಬೇಕಾದ ದಾಖಲೆಗಳ ಪಟ್ಟಿ, ಮೂರನ್ನೂ ಬೇರೆ ಬೇರೆ ಹಾಳೆಯಲ್ಲಿ ಈ ವಾರವೇ ಕೊಟ್ಟು, ಪ್ರತಿಯೊಂದರ ಮೇಲೂ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲು ಒಪ್ಪದಿದ್ದರೆ ಪೋಸ್ಟ್ ಆಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಲೆಕ್ಕದ ಪುಟಕ್ಕೆ ಪಿನ್ ಮಾಡಿ ಇಡಿ.